ಸ್ಲ್ಯಾಬ್ ಬಿಲ್ಲನ್ನು ಕೂಡಿ ನೋಡುವಾಗ

ನೆಂಟರಿಷ್ಟರ ಕರೆಂಟ್ ಬಿಲ್ಲುಗಳನ್ನು ಕೂಡಿ ನೋಡುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕಕ್ಕೆ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬೆಸ್ಕಾಂ ಗೃಹಬಳಕೆ ದರವನ್ನೇ ಹಿಡಿದಿದ್ದೇನೆ: ಮೊದಲ 50 ಯೂನಿಟ್‌ಗೆ ತಲಾ ₹4.15, ಮುಂದಿನ 50ಕ್ಕೆ ₹5.60, ಅದರ ಮುಂದಿನ 100ಕ್ಕೆ ₹7.15, 200 ದಾಟಿದ್ದಕ್ಕೆ ₹8.20.

1. ಮೊದಲು ಯೂನಿಟ್ ಹಂಚಿ, ಆಮೇಲೆ ದರ ಹಾಕಿ. 130 ಯೂನಿಟ್ ಉರಿದಿದ್ದರೆ ಅದನ್ನು 50, 50, 30 ಎಂದು ಒಡೆಯಬೇಕು. ಈ ಮೂರೂ ಸೇರಿ 130 ಆಯಿತೇ ಎಂದು ನೋಡಿಕೊಂಡ ಮೇಲೆ ಗುಣಿಸಿದರೆ ₹207.50, ₹280, ₹214.50; ಒಟ್ಟು ₹702. ಬಹಳ ಜನ 130ನ್ನು ನೇರವಾಗಿ 7.15ರಿಂದ ಗುಣಿಸಿ ₹929.50 ಎಂದು ಗಾಬರಿಯಾಗುತ್ತಾರೆ. ಮೇಲಿನ ದರ ತಗಲುವುದು ಮೇಲಿನ 30 ಯೂನಿಟ್‌ಗೆ ಮಾತ್ರ.

2. ಗಡಿಯಲ್ಲಿ ಪರೀಕ್ಷಿಸಿ. 100 ಯೂನಿಟ್‌ಗೆ ₹487.50, 101ಕ್ಕೆ ₹494.65. ಒಂದು ಯೂನಿಟ್ ಹೆಚ್ಚಾದರೆ ಮೊತ್ತ ₹7.15 ಮಾತ್ರ ಏರಬೇಕು. ಅದಕ್ಕಿಂತ ಹೆಚ್ಚು ಏರಿದರೆ ನಿಮ್ಮ ಕೂಡುವಿಕೆ ತಪ್ಪಿದೆ, ಇಲ್ಲವೇ ದರದ ನಿಯಮವೇ ಬೇರೆ ಇದೆ. 2023ರಲ್ಲಿ ರಾಜ್ಯದಲ್ಲಿ ಆದದ್ದು ಎರಡನೆಯದು. 100 ಯೂನಿಟ್‌ವರೆಗೆ ₹4.75, 100 ದಾಟಿದರೆ ಎಲ್ಲ ಯೂನಿಟ್‌ಗೂ ₹7 ಎಂದಾಯಿತು. ಆಗ 100ಕ್ಕೆ ₹475 ಇದ್ದದ್ದು 101ಕ್ಕೆ ₹707 ಆಗುತ್ತಿತ್ತು. ಹಾಗಾಗಿ ದರಪಟ್ಟಿಯಲ್ಲಿ ‘ಎಲ್ಲ ಯೂನಿಟ್‌ಗಳಿಗೂ’ ಎಂಬ ಮಾತಿದೆಯೇ ಎಂದು ಹುಡುಕದೆ ನಾನು ಪೆನ್ನು ಹಿಡಿಯುವುದಿಲ್ಲ.

3. ನಿಗದಿತ ಶುಲ್ಕವನ್ನು ಸ್ಲ್ಯಾಬ್ ಲೆಕ್ಕದೊಳಗೆ ತರಬೇಡಿ. ಅದು ಮಂಜೂರಾದ ಕಿಲೋವ್ಯಾಟ್ ಲೋಡಿನ ಮೇಲೆ ಬರುವಂಥದ್ದು, ಉರಿಸಿದ ಯೂನಿಟ್‌ಗೂ ಅದಕ್ಕೂ ಸಂಬಂಧವಿಲ್ಲ. ಬಾಕಿಯನ್ನೂ ಹೊರಗಿಡಿ.

4. ಎಷ್ಟು ದಿನದ ರೀಡಿಂಗ್ ಎಂದು ನೋಡಿ. ಹೆಚ್ಚು ದುಡ್ಡು ಹೋಗುವುದು ಇಲ್ಲಿಯೇ. ಮನೆಗೆ ಬೀಗ ಹಾಕಿದ್ದರಿಂದ ಒಂದು ತಿಂಗಳು ರೀಡಿಂಗ್ ತಪ್ಪಿ, ಮುಂದಿನ ಬಾರಿ ಎರಡು ತಿಂಗಳದ್ದು ಒಟ್ಟಿಗೆ 260 ಯೂನಿಟ್ ಬಂತು ಎನ್ನಿ. ಸ್ಲ್ಯಾಬುಗಳು ತಿಂಗಳಿಗೆ ಹೇಳಿದವು. ಆದ್ದರಿಂದ ಎರಡು ತಿಂಗಳಿಗೆ ಅವೂ ದುಪ್ಪಟ್ಟಾಗಬೇಕು: 100, 100, ಉಳಿದ 60. ಮೊತ್ತ ₹1,404, ಅಂದರೆ 702ರ ಎರಡರಷ್ಟು. ಒಂದೇ ತಿಂಗಳ ಸ್ಲ್ಯಾಬಿನಲ್ಲಿ ಕೂಡಿದರೆ 60 ಯೂನಿಟ್ ₹8.20ರ ದರಕ್ಕೆ ಜಿಗಿದು ₹1,694.50 ಆಗುತ್ತದೆ. ಅದೇ ಬಳಕೆಗೆ ₹290.50 ಹೆಚ್ಚು. ಬಿಲ್ಲಿನಲ್ಲಿ ಹಿಂದಿನ ಮತ್ತು ಈಗಿನ ರೀಡಿಂಗ್ ದಿನಾಂಕಗಳೆರಡೂ ಇರುತ್ತವೆ. ನಡುವೆ ಅರವತ್ತು ದಿನ ಇದ್ದೂ ಮೊದಲ ಸ್ಲ್ಯಾಬಿನ ಎದುರು 50 ಎಂದೇ ಅಚ್ಚಾಗಿದ್ದರೆ, ಆ ಬಿಲ್ಲನ್ನೂ ಹಿಂದಿನ ತಿಂಗಳ ಬಿಲ್ಲನ್ನೂ ಹಿಡಿದು ಉಪವಿಭಾಗದ ಕಚೇರಿಗೆ ಹೋಗಿ, ಸ್ಲ್ಯಾಬನ್ನು ಎರಡು ತಿಂಗಳಿಗೆ ಹಂಚಿ ಮತ್ತೆ ಲೆಕ್ಕ ಹಾಕಿಕೊಡಿ ಎಂದು ಬರೆದುಕೊಡಿ.