48 ವೋಲ್ಟ್ ಹಾಕಿದ್ರೆ ಮೋಟಾರ್ ತಣ್ಣಗಾಗುತ್ತಾ?

ಯಲಹಂಕದಿಂದ ಆರ್.ಟಿ. ನಗರಕ್ಕೆ ದಿನಾ ಓಡಾಡುವ ನಮ್ಮ ಗೆಳೆಯನೊಬ್ಬ ಹಳೇ ಸೈಕಲ್‌ಗೆ 36 ವೋಲ್ಟ್‌ನ ಹಬ್ ಮೋಟಾರ್ ಕಿಟ್ ಹಾಕಿಸಿದ್ದಾನೆ. ಹೆಬ್ಬಾಳ ಫ್ಲೈಓವರ್ ಹತ್ತಿ ಇಳಿದ ಮೇಲೆ ಹಬ್ ಮುಟ್ಟಿದರೆ ಚುರುಕ್ ಅನ್ನುತ್ತೆ. ಅಂಗಡಿಯವರ ಸಲಹೆ: "48 ವೋಲ್ಟ್ ಪ್ಯಾಕ್ ಹಾಕ್ಸಿ, ಕರೆಂಟ್ ಕಮ್ಮಿ ಆಗುತ್ತೆ, ಬಿಸಿ ಆಗಲ್ಲ." P = VI ಓದಿದವರಿಗೆಲ್ಲ ಇದು ಸರಿ ಅನ್ನಿಸುತ್ತೆ. ನಮಗೂ ಅನ್ನಿಸಿತ್ತು, ಪೇಪರ್ ತಗೊಂಡು ಕೂರುವವರೆಗೆ.

ಸೈಕಲ್, ಸವಾರ, ಬ್ಯಾಗ್ ಸೇರಿ 100 ಕೆ.ಜಿ. ಎಂದಿಟ್ಟುಕೊಳ್ಳೋಣ. ಏರು ಲೆಕ್ಕಕ್ಕೆ ಶೇ. 4, ವೇಗ ಗಂಟೆಗೆ 18 ಕಿ.ಮೀ., ಪೆಡಲ್ ತುಳಿಯುತ್ತಿಲ್ಲ. ಏರಿಗೆ 39 ನ್ಯೂಟನ್, ಟೈರ್‌ನ ಉರುಳು ಘರ್ಷಣೆಗೆ 10, ಗಾಳಿಗೆ 9, ಒಟ್ಟು ಸುಮಾರು 58 ನ್ಯೂಟನ್ ಬಲ ಬೇಕು. 26 ಇಂಚಿನ ಚಕ್ರದ ತ್ರಿಜ್ಯ 0.33 ಮೀಟರ್ ಆದ್ದರಿಂದ ಟಾರ್ಕ್ 19 ನ್ಯೂಟನ್-ಮೀಟರ್.

ಈಗ ಮುಖ್ಯ ವಿಷಯ. ಮೋಟಾರ್‌ಗೆ ಟಾರ್ಕ್ ಕೊಡುವುದು ಅದರ ಸುರುಳಿಯಲ್ಲಿ ಹರಿಯುವ ಕರೆಂಟ್, ಬ್ಯಾಟರಿಯ ವೋಲ್ಟೇಜ್ ಅಲ್ಲ. 36 ವೋಲ್ಟ್‌ಗೆ 270 ಆರ್‌ಪಿಎಂ ಸುತ್ತುವ ಮೋಟಾರ್ ಆದರೆ ಒಂದು ಆಂಪ್‌ಗೆ ಸುಮಾರು 1.27 ನ್ಯೂಟನ್-ಮೀಟರ್ ಸಿಗುತ್ತೆ. 19 ಬೇಕು ಅಂದರೆ 15 ಆಂಪ್. ಸುರುಳಿಯ ರೋಧ 0.2 ಓಮ್ ಅಂತಿಟ್ಟರೆ I²R ಪ್ರಕಾರ 45 ವ್ಯಾಟ್ ಬಿಸಿ. ಹಿಂದೆ ಯಾವ ಪ್ಯಾಕ್ ಕಟ್ಟಿದ್ದೀವಿ ಅನ್ನೋದು ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ, ಗಮನಿಸಿ. ಅದೇ ಏರು, ಅದೇ ವೇಗ ಇದ್ದರೆ ಹಬ್‌ನ ಬಿಸಿ ಅಷ್ಟೇ.

ಹಾಗಾದರೆ ಕಮ್ಮಿ ಆಗೋ ಕರೆಂಟ್ ಯಾವುದು? ಬ್ಯಾಟರಿಯದು. ನಡುವೆ ಕೂತಿರುವ ಕಂಟ್ರೋಲರ್ ಒಂದು ಬಕ್ ಕನ್ವರ್ಟರ್ ಥರ ಕೆಲಸ ಮಾಡುತ್ತೆ. ಆ ವೇಗದಲ್ಲಿ ಮೋಟಾರ್‌ಗೆ ಬೇಕಿರೋದು ಸುಮಾರು 22 ವೋಲ್ಟ್, 15 ಆಂಪ್, ಅಂದರೆ 333 ವ್ಯಾಟ್. ಅದನ್ನು 36 ವೋಲ್ಟ್ ಪ್ಯಾಕ್ 9.25 ಆಂಪ್‌ನಲ್ಲಿ ಕೊಡುತ್ತೆ, 48ರದು 6.9 ಆಂಪ್‌ನಲ್ಲಿ. ವೈರು, ಕನೆಕ್ಟರು ಸೇರಿ 0.05 ಓಮ್ ಇದ್ದರೆ ಅಲ್ಲಿ ಆಗುವ ನಷ್ಟ 4.3 ವ್ಯಾಟ್‌ನಿಂದ 2.4ಕ್ಕೆ ಇಳಿಯುತ್ತೆ. ಉಳಿದಿದ್ದು ಎರಡು ವ್ಯಾಟ್! ದಕ್ಷತೆಯಲ್ಲಿ ಶೇ. 1 ಕೂಡ ಇಲ್ಲ.

ಪ್ಯಾಕ್ ಒಳಗಾದರೂ ಲಾಭ ಇದೆಯಾ ಅಂತ ನೋಡಿದೆವು. 36 ವೋಲ್ಟ್ ಅಂದರೆ 10 ಸೆಲ್ ಸಾಲಾಗಿ, 48 ಅಂದರೆ ಸಾಮಾನ್ಯವಾಗಿ 13. ನಾಲ್ಕು ಸಮಾಂತರವಿರುವ 10ರ ಪ್ಯಾಕ್‌ಗೆ 40 ಸೆಲ್, ಮೂರು ಸಮಾಂತರದ 13ರ ಪ್ಯಾಕ್‌ಗೆ 39. ಅಷ್ಟೇ ಪವರನ್ನು ಹೆಚ್ಚುಕಮ್ಮಿ ಅಷ್ಟೇ ಸೆಲ್‌ಗಳು ಹಂಚಿಕೊಳ್ಳುತ್ತವೆ, ಆದ್ದರಿಂದ ಪ್ರತಿ ಸೆಲ್‌ನ ಕರೆಂಟೂ ಬಿಸಿಯೂ ಬಹುತೇಕ ಅಷ್ಟೇ. 48 ವೋಲ್ಟ್‌ಗೇ ಸುತ್ತಿದ ಮೋಟಾರ್ ತಂದರೂ ಕಥೆ ಬೇರೆಯಲ್ಲ: ಅದೇ ಜಾಗದಲ್ಲಿ ಅಷ್ಟೇ ತಾಮ್ರ ಇದ್ದರೆ ಸುತ್ತು ಹೆಚ್ಚಿ ಕರೆಂಟ್ ಮುಕ್ಕಾಲಾಗುತ್ತೆ, ಆದರೆ ತಂತಿ ಸಣ್ಣದೂ ಉದ್ದವೂ ಆಗಿ ರೋಧ 16/9 ಪಟ್ಟು ಏರುತ್ತೆ. ಗುಣಿಸಿ ನೋಡಿ, ಮತ್ತೆ ಅದೇ 45 ವ್ಯಾಟ್.

ನಿಜ ಹೇಳಬೇಕಂದ್ರೆ 48 ಹಾಕಿದ ಮೇಲೆ ಬಿಸಿ ಜಾಸ್ತಿ ಆಗುವ ಸಾಧ್ಯತೆಯೇ ಹೆಚ್ಚು. ಅಗ್ಗದ ಕಂಟ್ರೋಲರ್‌ಗಳು ಮಿತಿ ಹಾಕೋದು ಬ್ಯಾಟರಿ ಕರೆಂಟ್‌ಗೆ, 15 ಆಂಪ್ ಅಂತಿಟ್ಟುಕೊಳ್ಳಿ. ಸಿಗ್ನಲ್‌ನಿಂದ ಎದ್ದು ಚಕ್ರ ಇನ್ನೂ ಸರಿಯಾಗಿ ತಿರುಗದಿದ್ದಾಗ ಒಳಗೆ ಹೋದ ಪವರ್ ಬಹುಪಾಲು ಬಿಸಿಯೇ. ಮೋಟಾರ್ ಕರೆಂಟ್‌ಗೆ ಬೇರೆ ಮಿತಿ ಇಲ್ಲದಿದ್ದರೆ 36ರಲ್ಲಿ 540 ವ್ಯಾಟ್, 48ರಲ್ಲಿ 720. ಹೆಬ್ಬಾಳದ ಸಂಜೆ ಜಾಮ್‌ನಲ್ಲಿ ಇದು ಎಷ್ಟು ಸಲ ಆಗುತ್ತೆ ಅಂತ ನಿಮಗೇ ಗೊತ್ತು.

ಇದನ್ನು ಅಳೆಯೋಕೆ ಹೋದವರು ಮೋಸ ಹೋಗೋದು ವ್ಯಾಟ್‌ಮೀಟರ್‌ನಿಂದ. ಅದನ್ನು ಜೋಡಿಸೋದು ಬ್ಯಾಟರಿ ವೈರ್‌ಗೆ, ಹಾಗಾಗಿ 9 ಇದ್ದದ್ದು 7 ಆಂಪ್ ಆಯ್ತು ಅಂತ ತೋರಿಸುತ್ತೆ. ಮೋಟಾರ್‌ನ ಮೂರು ದಪ್ಪ ವೈರ್‌ಗಳಲ್ಲಿ ಒಂದಕ್ಕೆ ಕ್ಲಾಂಪ್ ಮೀಟರ್ ಹಾಕಿ, ಅದೇ ಏರು ಅದೇ ವೇಗದಲ್ಲಿ ಎರಡೂ ಪ್ಯಾಕ್ ಓಡಿಸಿ ಹೋಲಿಸಬೇಕು.

48 ವೋಲ್ಟ್ ನಿಜವಾಗಿ ಕೊಡೋದು ವೇಗ. ಮೋಟಾರ್ ಜೋರಾಗಿ ಸುತ್ತಿದಷ್ಟೂ ಅದರ ಬ್ಯಾಕ್ ಇಎಂಎಫ್ ಏರಿ ಪ್ಯಾಕ್ ವೋಲ್ಟೇಜ್ ಹತ್ತಿರ ಬರುತ್ತೆ, ಆಮೇಲೆ ಕರೆಂಟ್ ನುಗ್ಗೋಕೆ ಜಾಗ ಇರಲ್ಲ. 48 ಆ ಜಾಗ ಕೊಡುತ್ತೆ. ಆದರೆ ನೋಂದಣಿ, ಲೈಸೆನ್ಸ್ ಬೇಡದ ಗಾಡಿಗೆ ನಮ್ಮಲ್ಲಿ ಮಿತಿ ಗಂಟೆಗೆ 25 ಕಿ.ಮೀ., 250 ವ್ಯಾಟ್. ಈ ಮೋಟಾರ್ ಆ ವೇಗಕ್ಕೆ 36ರಲ್ಲೇ ಹೋಗುತ್ತೆ.

ಇನ್ನೊಂದು: ಪೂರ್ತಿ ಚಾರ್ಜ್ ಆದ 48ರ ಪ್ಯಾಕ್ 54.6 ವೋಲ್ಟ್ ಇರುತ್ತೆ. ಕಂಟ್ರೋಲರ್ ಬಿಚ್ಚಿ ಕೆಪಾಸಿಟರ್ ಮೇಲೆ ಏನು ಬರೆದಿದೆ ನೋಡಿ. 50 ವೋಲ್ಟ್ ಅಂತಿದ್ದರೆ ಆ ಪ್ಯಾಕ್ ಕಟ್ಟಲೇಬೇಡಿ. 63 ಇದ್ದರೂ, 36ರ ಕಂಟ್ರೋಲರ್ ಕಟ್ ಆಫ್ ಆಗೋದು ಸುಮಾರು 31 ವೋಲ್ಟ್‌ಗೆ. 13 ಸೆಲ್‌ಗೆ ಹಂಚಿದರೆ ತಲಾ 2.4 ವೋಲ್ಟ್, ಅಷ್ಟು ಕೆಳಗೆ ಹೋಗದಂತೆ ಕಾಯೋದು ಪ್ಯಾಕ್‌ನ ಬಿಎಂಎಸ್ ಒಂದೇ.

ಗೆಳೆಯ ಪ್ಯಾಕ್ ಬದಲಿಸಲಿಲ್ಲ. ಈಗ ಫ್ಲೈಓವರ್ ಏರಿನಲ್ಲಿ ಪೆಡಲ್ ತುಳೀತಾನೆ. ಅವನ ಕಾಲು ಟಾರ್ಕ್‌ನ ಮೂರನೇ ಒಂದು ಭಾಗ ಹೊತ್ತರೆ ಮೋಟಾರ್‌ಗೆ 10 ಆಂಪ್ ಸಾಕು, ಬಿಸಿ 45ರಿಂದ 20 ವ್ಯಾಟ್‌ಗೆ ಇಳಿಯುತ್ತೆ.