ಚದರಡಿ ದರ: ಯಾವ ಚದರಡಿಗೆ?

ಅಳತೆ ಕೊಟ್ಟು ಮಾಡಿಸಿದರೂ ರೆಡಿಮೇಡ್ ಕೊಂಡರೂ ಚದರಡಿ ದರ ಒಂದೇ ಎಂದು ಹಾಸಿಗೆ ಅಂಗಡಿಯವರು ಹೇಳುವುದುಂಟು. ದರ ಒಂದೇ ಇರಬಹುದು, ಆದರೆ ಬಿಲ್ಲಿಗೆ ಹಿಡಿಯುವ ಚದರಡಿ ಬೇರೆ. ಹಳೆಯ ತೇಗದ ಮಂಚವೊಂದರ ಒಳ ಅಳತೆ 73 ಇಂಚು ಉದ್ದ, 57 ಇಂಚು ಅಗಲ ಎಂದುಕೊಳ್ಳಿ. ಗುಣಿಸಿ 144ರಿಂದ ಭಾಗಿಸಿದರೆ ಸುಮಾರು 28.9 ಚದರಡಿ. ಸಿದ್ಧ ಅಳತೆಗಳ ಉದ್ದ ಸಾಮಾನ್ಯವಾಗಿ 72, 75, 78 ಇಂಚು, ಅಗಲ 36, 48, 60, 72. ಹೀಗಾಗಿ ಬಹಳ ಕಡೆ ಬಿಲ್ಲು ಏಳುವುದು ಮೇಲಿನ ಅಳತೆಗೆ, ಅಂದರೆ 75ಕ್ಕೆ 60, 31.25 ಚದರಡಿಗೆ. ಲೆಕ್ಕಕ್ಕೆಂದು ದರ 400 ರೂಪಾಯಿ, ಮಾಡಿಸುವ ಶುಲ್ಕ ನೂರಕ್ಕೆ ಹತ್ತು ಎಂದಿಟ್ಟುಕೊಂಡರೆ 13,750 ರೂಪಾಯಿ. ನಾವು ನಿಜವಾಗಿ ಮಲಗುವ ಜಾಗಕ್ಕೆ ಹಂಚಿದರೆ ಚದರಡಿಗೆ 476 ಬೀಳುತ್ತದೆ. 72ಕ್ಕೆ 60ರ ರೆಡಿಮೇಡಿಗೆ ಅದು 400ರಲ್ಲೇ ನಿಲ್ಲುತ್ತದೆ.

ಇದೆಲ್ಲ ಸುಲಿಗೆ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ದೊಡ್ಡ ಹಾಳೆಯಿಂದ ಕತ್ತರಿಸಿದಾಗ ಉಳಿಯುವ ಎರಡು-ಮೂರು ಇಂಚಿನ ಫೋಮ್ ಪಟ್ಟಿ ಇನ್ನೊಂದು ಹಾಸಿಗೆಗೆ ಆಗದು, ಚೂರಾಗಿ ರೀಬಾಂಡೆಡ್ ಫೋಮಿಗೆ ಹೋಗುತ್ತದೆ. ಆ ನಷ್ಟ ನಮ್ಮ ಮೇಲೆ ಬೀಳುವುದು ಸಹಜ. ಆದರೆ ನಷ್ಟವನ್ನು ಮೇಲಿನ ಅಳತೆಯಲ್ಲೇ ವಸೂಲಿ ಮಾಡಿದ ಮೇಲೆ ಮತ್ತೆ ಹತ್ತು ಪರ್ಸೆಂಟ್ ಯಾವುದಕ್ಕೆ? ಕವರ್ ಬೇರೆಯಾಗಿ ಹೊಲಿಯಬೇಕು ಎನ್ನುತ್ತಾರೆ. ಹಾಗಾದರೆ ಹೊಲಿಗೆಯ ಹಣವನ್ನು ಬೇರೆ ಸಾಲಿನಲ್ಲಿ ಬರೆಯಲಿ, ಚೌಕಾಸಿ ಮಾಡಬೇಕಾದ್ದು ಅಲ್ಲೇ. ಇನ್ನೊಂದು ಉಳಿತಾಯ ನಮ್ಮ ಟೇಪಿನಲ್ಲೇ ಇದೆ. ಉದ್ದವನ್ನು 73ರ ಬದಲು 72 ಎಂದು ಬರೆಸಿದರೆ ಬಿಲ್ಲು 30 ಚದರಡಿಗೆ ಇಳಿದು 13,200 ಆಗುತ್ತದೆ. ಕಾಲ ಬಳಿ ಒಂದಿಂಚು ಸಂದು ಉಳಿದರೆ ನಿದ್ದೆಯೇನೂ ಕೆಡದು, ಜೇಬಿನಲ್ಲಿ 550 ರೂಪಾಯಿ ಉಳಿಯುತ್ತದೆ.

ಹಾಗಿದ್ದರೆ 60 ಇಂಚಿನ ರೆಡಿಮೇಡನ್ನೇ ಒತ್ತಿ ತುರುಕಬಾರದೇ ಎಂದರೆ, ಅಂಚುಪಟ್ಟಿ ಎತ್ತರವಿರುವ ಮಂಚದಲ್ಲಿ ಮೂರಿಂಚು ಒತ್ತಿದ ಹಾಸಿಗೆ ನಡುವೆ ಉಬ್ಬಿ ನಿಲ್ಲುತ್ತದೆ. ಅಂಚೇ ಇಲ್ಲದ ಬರೀ ಹಲಗೆಯ ಮಂಚವಾದರೆ ಎರಡೂ ಕಡೆ ಒಂದೂವರೆ ಇಂಚು ಹೊರಚಾಚುವುದರಿಂದ ತೊಂದರೆಯಿಲ್ಲ, ಅಲ್ಲಿ ಮಾಡಿಸುವುದು ದಂಡ.

ಇಷ್ಟಾದರೂ ಚದರಡಿ ದರದೊಳಗೆ ದಪ್ಪವಾಗಲಿ ಫೋಮಿನ ಡೆನ್ಸಿಟಿಯಾಗಲಿ ಕಾಣಿಸುವುದಿಲ್ಲ. ಐದಿಂಚಿನದರ ದರವನ್ನು ಆರಿಂಚಿನದರ ಜೊತೆ ಹೋಲಿಸುವುದು ವ್ಯರ್ಥ. ಮಾಡಿಸಿದ್ದರಲ್ಲಿ ಈ ಮರೆ ಇನ್ನೂ ದಟ್ಟ, ಏಕೆಂದರೆ ಹೋಲಿಸಿ ನೋಡಲು ಅದೇ ಅಳತೆಯ ಇನ್ನೊಂದು ಹಾಸಿಗೆ ಅಂಗಡಿಯಲ್ಲಿ ಇರುವುದಿಲ್ಲ. ಅದಕ್ಕೆ ತಕ್ಕಡಿ ಸಾಕು: 72ಕ್ಕೆ 57, ಆರಿಂಚು ದಪ್ಪದ, ಪೂರ್ತಿ 32 ಡೆನ್ಸಿಟಿಯ ಫೋಮ್ ಕವರ್ ಬಿಟ್ಟು ಸುಮಾರು 13 ಕಿಲೋ ತೂಗಬೇಕು. ಹತ್ತೇ ಕಿಲೋ ತೂಗಿದರೆ ಡೆನ್ಸಿಟಿ 25ರ ಆಸುಪಾಸಿನದು. ಅಳತೆಗೆ ಕತ್ತರಿಸಿದ್ದನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಡೆನ್ಸಿಟಿ ಮತ್ತು ದಪ್ಪ ಎರಡನ್ನೂ ಮುಂಗಡ ಕೊಡುವಾಗಲೇ ರಸೀದಿಯಲ್ಲಿ ಬರೆಸಿಕೊಳ್ಳಬೇಕು.