ಸಮೀಕ್ಷೆಯ ಪ್ರಶ್ನೆಗೆ ತಕ್ಕ ಪರೀಕ್ಷೆ

ಮೇಲಿನ ತರಗತಿಗೆ ಹೋದಂತೆ ಮಕ್ಕಳು ಕನ್ನಡ ಓದುವುದನ್ನು ಬಿಡುತ್ತಾರೆಂಬ ಮಾತು ಗಡಿನಾಡಿನ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ನಿಜವೇ ಎಂದು ತಿಳಿಯಲು ಎಂಟನೆಯ ಮತ್ತು ಹತ್ತನೆಯ ತರಗತಿಗಳಲ್ಲಿ ಒಂದು ಸಮೀಕ್ಷೆ ಮಾಡಿದೆವೆಂದು ಭಾವಿಸೋಣ. ಕೇಳುವ ಪ್ರಶ್ನೆಗಳು ಮೂರು. ಮನೆಯಲ್ಲಿ ಕನ್ನಡ ಪತ್ರಿಕೆ ಓದುತ್ತೀರಾ? ದಿನಕ್ಕೆ ಎಷ್ಟು ನಿಮಿಷ ಪಾಠೇತರ ಪುಸ್ತಕ ಓದುತ್ತೀರಿ? ಕನ್ನಡ ಪುಸ್ತಕ ಓದುವುದು ನಿಮಗೆ ಎಷ್ಟು ಇಷ್ಟ? ವಿಷಯ ಒಂದೇ ಆದರೂ ಉತ್ತರಗಳ ಜಾತಿ ಬೇರೆ. ಆದ್ದರಿಂದ ಅವನ್ನು ತೂಗುವ ತಕ್ಕಡಿಯೂ ಬೇರೆಯಾಗಬೇಕು.

ಮೊದಲ ಪ್ರಶ್ನೆಗೆ ಉತ್ತರ ‘ಹೌದು’ ಅಥವಾ ‘ಇಲ್ಲ’. ಇಲ್ಲಿ ಅಳೆಯುವುದೇನೂ ಇಲ್ಲ, ತಲೆ ಎಣಿಸುವುದಷ್ಟೆ. ಇದಕ್ಕೆ ಕಾರ್ಲ್ ಪಿಯರ್ಸನ್ 1900ರಲ್ಲಿ ಪ್ರಕಟಿಸಿದ ಕೈ-ವರ್ಗ ಪರೀಕ್ಷೆ ತಕ್ಕದ್ದು. (‘ಕೈ’ ಎಂಬುದು ಒಂದು ಗ್ರೀಕ್ ಅಕ್ಷರದ ಹೆಸರು, ನಮ್ಮ ಹಸ್ತವಲ್ಲ.) ಪ್ರತಿ ತರಗತಿಯಲ್ಲಿ 40 ಮಕ್ಕಳಿದ್ದು, ಎಂಟರಲ್ಲಿ 24, ಹತ್ತರಲ್ಲಿ 16 ಮಂದಿ ‘ಹೌದು’ ಎಂದಿರಲಿ. ತರಗತಿಗೂ ಓದಿಗೂ ಸಂಬಂಧವೇ ಇಲ್ಲದಿದ್ದರೆ ಎರಡೂ ಕಡೆ 20 ‘ಹೌದು’, 20 ‘ಇಲ್ಲ’ ನಿರೀಕ್ಷಿಸಬಹುದಿತ್ತು. ನಾಲ್ಕು ಮನೆಗಳಲ್ಲೂ ವ್ಯತ್ಯಾಸ 4. ಅದರ ವರ್ಗ 16. ಅದನ್ನು 20ರಿಂದ ಭಾಗಿಸಿದರೆ 0.8, ನಾಲ್ಕು ಮನೆಗಳನ್ನು ಕೂಡಿದರೆ 3.2. ಇಂಥ ಎರಡು ಸಾಲು, ಎರಡು ಕಾಲಂಗಳ ಪಟ್ಟಿಗೆ ಶೇಕಡಾ 5ರ ಮಟ್ಟದಲ್ಲಿ ದಾಟಬೇಕಾದ ಗೆರೆ 3.84. ನಮ್ಮದು ದಾಟಲಿಲ್ಲ. ಎಂದರೆ ಎಂಟು ಮಕ್ಕಳ ಈ ಅಂತರ ಆಕಸ್ಮಿಕವಾಗಿಯೂ ಬಂದಿರಬಹುದು. ಅಂತರವೇ ಇಲ್ಲವೆಂದು ಇದರಿಂದ ಸಿದ್ಧವಾಗುವುದೂ ಇಲ್ಲ.

ಇಲ್ಲಿ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. 24 ಎಂದರೆ ಶೇಕಡಾ 60, 16 ಎಂದರೆ ಶೇಕಡಾ 40 ಎಂದು ಬರೆದುಕೊಂಡು ಅದೇ ಲೆಕ್ಕ ಮಾಡಿದರೆ ಉತ್ತರ 8 ಬರುತ್ತದೆ, ಗೆರೆ ದಾಟುತ್ತದೆ! 80 ಮಕ್ಕಳನ್ನು ನಾವು 200 ಮಾಡಿಬಿಟ್ಟೆವು. ಆದ್ದರಿಂದ ಕೈ-ವರ್ಗಕ್ಕೆ ಶೇಕಡಾವಾರು ಕೊಡಬಾರದು, ನಿಜವಾದ ಎಣಿಕೆಯನ್ನೇ ಕೊಡಬೇಕು. ಒಬ್ಬ ವಿದ್ಯಾರ್ಥಿ ಒಂದೇ ಮನೆಯಲ್ಲಿರಬೇಕು. ಯಾವುದಾದರೂ ಮನೆಯ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಾದರೆ ಫಿಷರರ ನಿಖರ ಪರೀಕ್ಷೆಗೆ ಹೋಗುವುದು ಲೇಸು.

ಎರಡನೆಯ ಪ್ರಶ್ನೆಗೆ ಉತ್ತರ ನಿಮಿಷಗಳು. ಇವನ್ನು ಕೂಡಬಹುದು, ಸರಾಸರಿ ತೆಗೆಯಬಹುದು. ಇದಕ್ಕೆ ಟಿ-ಪರೀಕ್ಷೆ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಇದರ ಮೂಲ ಲೇಖನ ಬರೆದರು. ಇದು ಸರಾಸರಿಗಳ ಅಂತರವನ್ನು ಅಂಕಿಗಳ ಚದುರುವಿಕೆಯೊಡನೆ ಹೋಲಿಸುತ್ತದೆ. ಹತ್ತನೆಯ ತರಗತಿಯ ಐವರು 8, 10, 12, 14, 16 ನಿಮಿಷ, ಎಂಟನೆಯ ಐವರು 11, 13, 15, 17, 19 ನಿಮಿಷ ಓದುತ್ತಾರೆನ್ನೋಣ. ಸರಾಸರಿಗಳು 12 ಮತ್ತು 15, ಅಂತರ 3, ಟಿ ಬೆಲೆ 1.5. ಹತ್ತು ಮಕ್ಕಳಿಗೆ ದಾಟಬೇಕಾದ ಗೆರೆ 2.31.

ಈಗ 19ರ ಬದಲು ಒಬ್ಬನು 94 ಎಂದು ಬರೆದಿರಲಿ. ಎಂಟನೆಯ ತರಗತಿಯ ಸರಾಸರಿ 30ಕ್ಕೆ ನೆಗೆಯುತ್ತದೆ, ಅಂತರ 18 ಆಗುತ್ತದೆ. ಆದರೆ ಟಿ ಬೆಲೆ ಏರುವುದಿಲ್ಲ, ಸುಮಾರು 1.1ಕ್ಕೆ ಇಳಿಯುತ್ತದೆ! ಅಂತರದೊಡನೆ ಚದುರುವಿಕೆಯೂ ವಿಪರೀತ ಹೆಚ್ಚಿತಲ್ಲವೇ? ಮೊದಲು ಅವನ ಕಾಗದವನ್ನು ನೋಡಿ, ಬರೆಯುವಾಗ ತಪ್ಪಾಯಿತೇ ಎಂದು ಕೇಳಬೇಕು. ಅವನು ನಿಜವಾಗಿ ಅಷ್ಟು ಓದುವವನಾದರೆ ಅವನನ್ನು ಅಳಿಸುವ ಹಕ್ಕು ನಮಗಿಲ್ಲ.

ಆಗ ಸ್ಥಾನ-ಪರೀಕ್ಷೆ ನೆರವಾಗುತ್ತದೆ. ವಿಲ್ಕಾಕ್ಸನ್ 1945ರಲ್ಲಿ, ಮಾನ್ ಮತ್ತು ವಿಟ್ನಿ 1947ರಲ್ಲಿ ಇದನ್ನು ರೂಪಿಸಿದರು. ಹತ್ತು ಮಂದಿಯನ್ನೂ ಒಂದೇ ಸಾಲಿನಲ್ಲಿ ಕಿರಿದರಿಂದ ಹಿರಿದಕ್ಕೆ ನಿಲ್ಲಿಸಿ 1ರಿಂದ 10ರವರೆಗೆ ಸ್ಥಾನ ಕೊಡಬೇಕು. ಹತ್ತನೆಯವರ ಸ್ಥಾನಗಳು 1, 2, 4, 6, 8, ಮೊತ್ತ 21. ಎಂಟನೆಯವರ ಮೊತ್ತ 34. ಕೊನೆಯವನದು 19 ಆದರೂ 94 ಆದರೂ ಅವನ ಸ್ಥಾನ ಹತ್ತೇ. ಐದೈದು ಮಂದಿಯಿದ್ದಾಗ ಚಿಕ್ಕ ಮೊತ್ತ 17 ಅಥವಾ ಅದಕ್ಕಿಂತ ಕಡಿಮೆಯಾದರೆ ಮಾತ್ರ ಅಂತರ ಗಣನೀಯ. ನಮ್ಮದು 21, ಇಲ್ಲಿಯೂ ತೀರ್ಪು ಕೊಡುವಂತಿಲ್ಲ.

ಮೂರನೆಯ ಪ್ರಶ್ನೆಗೂ ಇದೇ ದಾರಿ. ‘ತುಂಬಾ ಇಷ್ಟ’ಕ್ಕೆ 5, ‘ಇಷ್ಟ’ಕ್ಕೆ 4, ‘ಸಾಧಾರಣ’ಕ್ಕೆ 3, ‘ಇಷ್ಟವಿಲ್ಲ’ಕ್ಕೆ 2, ‘ಸ್ವಲ್ಪವೂ ಇಷ್ಟವಿಲ್ಲ’ಕ್ಕೆ 1 ಎಂದು ಅಂಕಿ ಹಾಕುತ್ತೇವೆ. ಈ ಅಂಕಿಗಳು ಮೆಟ್ಟಿಲಿನ ಕ್ರಮವನ್ನು ಹೇಳುತ್ತವೆ, ಮೆಟ್ಟಿಲಿನ ಎತ್ತರವನ್ನಲ್ಲ. ಹಲವರು ಒಂದೇ ಉತ್ತರ ಕೊಟ್ಟಾಗ ಸ್ಥಾನಗಳನ್ನು ಹಂಚಿಕೊಳ್ಳುತ್ತಾರೆ: 4, 5, 6ನೆಯ ಸ್ಥಾನಗಳಲ್ಲಿ ಮೂವರು ಸಮನಾಗಿದ್ದರೆ ಪ್ರತಿಯೊಬ್ಬರಿಗೂ 5.

ಇವೆಲ್ಲ ಬೇರೆ ಬೇರೆ ಮಕ್ಕಳ ಎರಡು ಗುಂಪುಗಳಿಗೆ ಹೊಂದುವ ಲೆಕ್ಕ. ಇಂದು ಎಂಟರಲ್ಲಿರುವ ಮಕ್ಕಳನ್ನೇ ಅವರು ಹತ್ತಕ್ಕೆ ಬಂದಾಗ ಮತ್ತೆ ಕೇಳಿದರೆ, ಪ್ರತಿಯೊಬ್ಬರ ಎರಡು ಉತ್ತರಗಳನ್ನು ಜೋಡಿಯಾಗಿಟ್ಟು ನೋಡುವ ಪರೀಕ್ಷೆ ಬೇಕು. ಓದು ಕಡಿಮೆಯಾಯಿತೇ ಎಂಬ ಮನೆಯವರ ಪ್ರಶ್ನೆಗೆ ಅದೇ ಹೆಚ್ಚು ನೇರವಾದ ಉತ್ತರ ಕೊಡುತ್ತದೆ. ಅದಕ್ಕಾಗಿ ಈ ವರ್ಷದ ಕಾಗದಗಳನ್ನು ಜೋಪಾನವಾಗಿ ಇಟ್ಟಿರಬೇಕು.